ತೆರೆಗೆ ಯಾವ ಅಕ್ಷರ? ಕಡಲ ಪದ್ಯ ಕಟ್ಟುವ ಬಗೆ

ಭಾಷಾ ಕೌಶಲದ ಕಮ್ಮಟಕ್ಕೆ ಲೆಕ್ಕ ಪರಿಶೋಧಕನನ್ನು ಯಾಕೆ ಕರೆದರು ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಇವತ್ತಿನ ಕೆಲಸದಲ್ಲಿ ಅರ್ಧ ಭಾಗ ಕಿವಿಯದು, ಇನ್ನರ್ಧ ಎಣಿಕೆಯದು. ಎಣಿಕೆ ನನ್ನ ಕಸುಬು. ಕಿವಿಯನ್ನು ನಮ್ಮ ಶನಿವಾರದ ಕನ್ನಡ ತರಗತಿಯ ಮಕ್ಕಳು ತಿದ್ದಿಕೊಟ್ಟಿದ್ದಾರೆ.

ಕೊಟ್ಟಿರುವ ವಿಷಯ ಇಷ್ಟು: ಕಡಲ ಅಲೆಗಳ ಮೇಲೆ ಒಂದು ಪದ್ಯ, ಪದಗಳ ಮೊದಲ ಅಕ್ಷರ ಮರುಕಳಿಸುತ್ತಿರಬೇಕು. ಇದಕ್ಕೆ ಅನುಪ್ರಾಸ ಎನ್ನುತ್ತೇವೆ. ಆದಿಪ್ರಾಸ ಎಂಬ ಮಾತನ್ನೂ ಕೆಲವರು ಇದಕ್ಕೇ ಬಳಸುತ್ತಾರೆ, ಆದರೆ ಕನ್ನಡದಲ್ಲಿ ಆದಿಪ್ರಾಸ ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲೇ ಪ್ರಾಸದ ಚರ್ಚೆ ಇದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟು ಬರೆದಾಗ ದೊಡ್ಡ ವಾದವೇ ಎದ್ದಿತ್ತು. ಮೊದಲ ಅಕ್ಷರ, ಎರಡನೆಯ ಅಕ್ಷರ, ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಕೊನೆಗೆ ಎರಡೂ ಬೇಕಾಗುತ್ತವೆ.

ಮೊದಲು ಪದದ ಆಯ್ಕೆ. ಅಲೆ ಎಂದ ಕೂಡಲೇ ಎಲ್ಲರೂ ಅಕಾರದಿಂದ ಶುರು ಮಾಡುತ್ತಾರೆ. ‘ಆಳದ ಅಂಚಿಂದ ಅಲೆಯೊಂದು ಅರಳಿತು’ ಎಂದು ಬರೆದೆವು ಅನ್ನಿ. ಕಾಗದದ ಮೇಲೆ ನಾಲ್ಕು ಪದಗಳೂ ಅ, ಆ ಎಂದೇ ಶುರುವಾಗಿವೆ, ಚೆನ್ನಾಗಿ ಕಾಣುತ್ತದೆ. ಈಗ ಸಹಜವಾಗಿ ಬಾಯಿಬಿಟ್ಟು ಓದಿ: ‘ಆಳದಂಚಿಂದಲೆಯೊಂದರಳಿತು’. ಆಳ ಒಂದನ್ನು ಬಿಟ್ಟು ಉಳಿದ ಮೂರು ಪದಗಳ ಅಕಾರ ಹಿಂದಿನ ಪದದೊಳಗೆ ಕರಗಿ ಹೋಯಿತು. ಕನ್ನಡದಲ್ಲಿ ಸ್ವರದಿಂದ ಶುರುವಾಗುವ ಪದ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಲೋಪಸಂಧಿಯಲ್ಲಿ ಒಂದು ಸ್ವರ ಹೋಗುತ್ತದೆ, ಆಗಮಸಂಧಿಯಲ್ಲಿ ನಡುವೆ ಯ ಅಥವಾ ವ ಬರುತ್ತದೆ. ಎರಡರಲ್ಲಿಯೂ ಪದದ ಮೊದಲ ಧ್ವನಿ ಮೊದಲಾಗಿ ಉಳಿಯುವುದಿಲ್ಲ. ಆದ್ದರಿಂದ ಅನುಪ್ರಾಸಕ್ಕೆ ಅಲೆಗಿಂತ ತೆರೆ ಮೇಲು. ವ್ಯಂಜನ ತನ್ನ ಜಾಗ ಬಿಟ್ಟುಕೊಡುವುದಿಲ್ಲ.

ತೆರೆಗೂ ಒಂದು ತೊಡಕಿದೆ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಕ ಹೋಗಿ ಗ ಬಂತು. ಹಾಗೆಯೇ ನೊರೆ ಮತ್ತು ತೆರೆಯನ್ನು ಸಮಾಸ ಮಾಡಿದರೆ ನೊರೆದೆರೆ ಆಗುತ್ತದೆ, ತಕಾರ ದಕಾರವಾಗುತ್ತದೆ. ಕ, ತ, ಪ ಅಕ್ಷರಗಳನ್ನು ಮರುಕಳಿಸುವಾಗ ಆ ಪದಗಳನ್ನು ಸಮಾಸದ ಎರಡನೆಯ ಪದವಾಗಿ ಇಡಬೇಡಿ, ಬಿಡಿಬಿಡಿಯಾಗಿ ನಿಲ್ಲಿಸಿ. ಈ ಎರಡು ಎಚ್ಚರ ಇದ್ದರೆ ಕೆಲಸ ಅರ್ಧ ಮುಗಿದಂತೆ.

ಇನ್ನು ಯಾವ ಅಕ್ಷರ ಎಂಬುದು. ಒಂದೇ ಅಕ್ಷರವನ್ನು ಪದ್ಯದ ಉದ್ದಕ್ಕೂ ಎಳೆದರೆ ಅದು ನಾಲಿಗೆ ತೊಡರುವ ಆಟವಾಗುತ್ತದೆ, ತೆರೆಯಾಗುವುದಿಲ್ಲ. ತೆರೆಯ ಸದ್ದು ಒಂದೇ ಅಲ್ಲವಲ್ಲ. ದೂರದಲ್ಲಿ ಅದು ಸದ್ದಿಲ್ಲದೆ ಏಳುತ್ತದೆ, ಇಳಿಯುತ್ತದೆ. ದಡದ ಹತ್ತಿರ ನೀರಿನ ಆಳ ತೆರೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ, ಅಂದರೆ ಒಂದು ಮೀಟರ್ ಎತ್ತರದ ತೆರೆಗೆ ಒಂದೂಕಾಲು ಮೀಟರಿನಷ್ಟೇ ನೀರು ಉಳಿದಾಗ, ಅದು ಮುಂದಕ್ಕೆ ಬಾಗಿ ಒಡೆಯುತ್ತದೆ. ಒಡೆದ ನೀರು ಮರಳಿನ ಮೇಲೆ ಹರಡುತ್ತದೆ. ಆಮೇಲೆ ಸುಯ್ಯೆಂದು ಹಿಂದೆ ಸರಿಯುತ್ತದೆ. ಹಂತ ನಾಲ್ಕು, ಅಕ್ಷರವೂ ನಾಲ್ಕು.

ಏಳುವ ತೆರೆಗೆ ತ. ನಾಲಿಗೆ ಹಲ್ಲಿಗೆ ಮೆಲ್ಲಗೆ ತಾಕಿ ಬಿಡುತ್ತದೆ, ಜೋರಿಲ್ಲ. ಒಡೆಯುವ ತೆರೆಗೆ ಬ. ತುಟಿ ಮುಚ್ಚಿ, ಒಳಗೆ ಉಸಿರು ತುಂಬಿ, ಸಿಡಿದು ತೆರೆಯುತ್ತದೆ. ಹರಡುವ ನೀರಿಗೆ ಹ. ಬಾಯಲ್ಲಿ ಎಲ್ಲಿಯೂ ತಡೆ ಇಲ್ಲ, ಬರೀ ಉಸಿರು. ಹಿಂದೆ ಸರಿಯುವ ನೀರಿಗೆ ಸ, ಏಕೆಂದರೆ ಸಕಾರವನ್ನು ಬೇಕಾದಷ್ಟು ಹೊತ್ತು ಎಳೆಯಬಹುದು. ಹೀಗೆ ಕಟ್ಟಿದ ಪದ್ಯ ಇದು:

ತೇಲುತ ತೂಗುತ ತೆರೆಯೊಂದೆದ್ದಿತು
ತಲೆಯನು ತುಸುವೇ ತೋರಿಸಿ ತಗ್ಗಿತು

ಬಾಗುತ ಬೀಗುತ ಬಂಡೆಗೆ ಬಡಿಯಿತು
ಬಿರಿಯಿತು, ಬೆಳ್ಳನೆ ಬುರುಗನು ಬೀರಿತು

ಹರಡಿತು, ಹಬ್ಬಿತು, ಹಾಲನು ಹಾಸಿತು
ಹೆಜ್ಜೆಯ ಹುಡುಕಿತು, ಹಿಂದಕೆ ಹೊರಳಿತು

ಸೆಳೆಯುತ, ಸುಳಿಯುತ, ಸುಯ್ಯನೆ ಸರಿಯಿತು
ಸುಳಿವನು ಸವರುತ ಸಾಗರ ಸೇರಿತು

ಈಗ ತಾಳೆ ನೋಡೋಣ. ಪ್ರತಿ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳಿವೆ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು, ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ತೇಲುತ’ ಎರಡು, ಒಂದು, ಒಂದು: ನಾಲ್ಕು. ‘ಬಂಡೆಗೆ’ ಕೂಡ ಹಾಗೆಯೇ. ‘ಬಡಿಯಿತು’ ನಾಲ್ಕು ಹ್ರಸ್ವ. ಎಂಟು ಸಾಲಿಗೆ ಒಟ್ಟು 32 ಗಣ. ಅವುಗಳಲ್ಲಿ ತಮ್ಮ ಜೋಡಿಸಾಲಿನ ಅಕ್ಷರದಿಂದಲೇ ಶುರುವಾಗುವುದು 31. ಒಂದು ಕಡಿಮೆ ಬಿತ್ತು.

ಅದು ಎಲ್ಲಿ ಎಂದು ಹುಡುಕಿದರೆ ಮೊದಲ ಸಾಲಿನಲ್ಲೇ ಸಿಗುತ್ತದೆ. ತೆರೆ, ಒಂದು, ಎದ್ದಿತು ಎಂಬ ಮೂರು ಪದಗಳು ಸೇರಿ ‘ತೆರೆಯೊಂದೆದ್ದಿತು’ ಆಗಿವೆ. ನಾಲ್ಕನೆಯ ಗಣ ‘ದೆದ್ದಿತು’. ಎದ್ದಿತು ಸ್ವರದಿಂದ ಶುರುವಾಗುವ ಪದವಾದ್ದರಿಂದ ಹಿಂದಿನ ದಕಾರಕ್ಕೆ ಅಂಟಿತು, ನಾವು ಅಲೆಯಲ್ಲಿ ಕಂಡ ಅದೇ ಕಾರಣ. ಇದನ್ನು ಹಾಗೆಯೇ ಬಿಡಬಹುದು. ತ, ದ ಎರಡಕ್ಕೂ ನಾಲಿಗೆ ಮುಟ್ಟುವ ಜಾಗ ಒಂದೇ, ಕಿವಿಗೆ ವ್ಯತ್ಯಾಸ ಸಣ್ಣದು. ಮಕ್ಕಳಿಗೆ ಪದ್ಯ ಕೊಟ್ಟು ‘ಒಂದು ಕಡೆ ಲೆಕ್ಕ ತಪ್ಪಿದೆ, ಹುಡುಕಿ’ ಎಂದರೆ ಸಂಧಿ ಪಾಠವೂ ಅಲ್ಲೇ ಆಗುತ್ತದೆ.

ಹಕಾರದ ಜೋಡಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಕೆಲವರ ಮನೆಮಾತಿನಲ್ಲಿ ಹಾಲು ಆಲಾಗುತ್ತದೆ, ಹಬ್ಬ ಅಬ್ಬ ಆಗುತ್ತದೆ. ಅದು ತಪ್ಪಲ್ಲ, ಊರಿನ ಮಾತು. ಆದರೆ ಆ ಬಾಯಲ್ಲಿ ಹಕಾರದ ಅನುಪ್ರಾಸ ಸ್ವರದ ಅನುಪ್ರಾಸವಾಗಿ ಸಡಿಲವಾಗುತ್ತದೆ. ಮಗುವನ್ನು ನಿಲ್ಲಿಸಿ ತಿದ್ದುವ ಬದಲು ಅಕ್ಷರ ಬದಲಿಸಿ. ಅದೇ ಜಾಗಕ್ಕೆ ನಕಾರದ ಜೋಡಿ ಹೀಗೆ ಕೂರುತ್ತದೆ:

ನೊರೆಯನು ನೇಯುತ ನೆಲದಲಿ ನಡೆಯಿತು
ನಿಂತಿತು, ನಾಚಿತು, ನಸುವೇ ನಕ್ಕಿತು

ಮಾತ್ರೆ ಎಣಿಸಿ, ಸರಿ ಇದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡದಲ್ಲಿ ಮೊದಲು ಸವೆಯುವ ಧ್ವನಿಗಳು ಳ ಮತ್ತು ಣ. ನಮ್ಮ ತರಗತಿಯ ಹುಡುಗಿಯೊಬ್ಬಳು ಫೋನಿನಲ್ಲಿ ‘ಅಜ್ಜಿ, ಸಾರಿಗೆ ಕಾಲು ನೆನೆಸಿದ್ದೀರಾ?’ ಎಂದು ಕೇಳಿದಳು. ಕೇಳಬೇಕಿದ್ದದ್ದು ಕಾಳು. ಆ ಕಡೆ ಮನೆಮಂದಿಯೆಲ್ಲ ನಕ್ಕರು, ಪ್ರೀತಿಯಿಂದಲೇ ನಕ್ಕರು. ಆದರೆ ಅವಳು ಅಜ್ಜಿಯ ಜೊತೆ ಇಂಗ್ಲಿಷಿಗೆ ಹೊರಳಿದಳು, ಅಜ್ಜಿಗೆ ಇಂಗ್ಲಿಷ್ ಬಾರದು. ಒಂದು ಅಕ್ಷರ ಹೋದರೆ ಹೋಗುವುದು ಅಕ್ಷರ ಮಾತ್ರ ಅಲ್ಲ.

ಇಲ್ಲಿ ಮೊದಲ ಅಕ್ಷರದ ಅನುಪ್ರಾಸ ಕೈಕೊಡುತ್ತದೆ. ಕನ್ನಡದಲ್ಲಿ ಳ, ಣ ಇವುಗಳಿಂದ ಶುರುವಾಗುವ ಪದಗಳೇ ಇಲ್ಲ ಎನ್ನಬಹುದು. ಪದಗಳ ಮೊದಲ ಅಕ್ಷರವನ್ನು ಎಷ್ಟು ಮರುಕಳಿಸಿದರೂ ನಾಲಿಗೆ ಮೇಲಕ್ಕೆ ಮಡಚುವ ಅಭ್ಯಾಸ ಆಗುವುದಿಲ್ಲ. ಇಂಗ್ಲಿಷ್ ಶಾಲೆಯ ಪದ್ಯದ ಮಾದರಿಯನ್ನು ಹಾಗೆಯೇ ತಂದರೆ ನಮಗೆ ಬೇಕಾದ ಧ್ವನಿಯೇ ಹೊರಗುಳಿಯುತ್ತದೆ. ಅದಕ್ಕೆ ಬೇಕು ನಮ್ಮ ಹಳೆಯ ಎರಡನೆಯ ಅಕ್ಷರದ ಪ್ರಾಸ.

ಕೊನೆಯ ಜೋಡಿಯನ್ನು ಮತ್ತೆ ನೋಡಿ. ಒಂದು ಸಾಲು ‘ಸೆಳೆಯುತ’ ಎಂದು ಶುರು, ಇನ್ನೊಂದು ‘ಸುಳಿವನು’ ಎಂದು. ಮೊದಲ ಅಕ್ಷರ ಸ, ಎರಡನೆಯದು ಳ, ಎರಡೂ ಕೂಡಿವೆ. ಹಳೆಯ ನಿಯಮದಂತೆ ಪ್ರಾಸಾಕ್ಷರದ ಹಿಂದಿನ ಅಕ್ಷರಗಳ ಅಳತೆಯೂ ಒಂದೇ ಇರಬೇಕು. ಇಲ್ಲಿ ಎರಡೂ ಹ್ರಸ್ವ, ಅದಕ್ಕೆ ಸಿಂಹಪ್ರಾಸ ಎಂದು ಹೆಸರು. ಎರಡೂ ದೀರ್ಘವಾಗಿದ್ದರೆ ಗಜಪ್ರಾಸ. ಮೊದಲ ಜೋಡಿಯ ‘ತೇಲುತ’, ‘ತಲೆಯನು’ ಎರಡರಲ್ಲಿಯೂ ಲ ಬಂದಿದೆ, ಆದರೆ ಒಂದರ ಹಿಂದೆ ದೀರ್ಘ, ಇನ್ನೊಂದರ ಹಿಂದೆ ಹ್ರಸ್ವ. ಹಾಗಾಗಿ ಅದು ನಿಯಮದ ಪ್ರಾಸವಲ್ಲ. ನಮ್ಮ ತರಗತಿಗೆ ಅಷ್ಟು ಕಟ್ಟುನಿಟ್ಟು ಬೇಡ, ಆದರೆ ಮೊದಲ ಜೋಡಿಯ ಲಕಾರವನ್ನೂ ಕೊನೆಯ ಜೋಡಿಯ ಳಕಾರವನ್ನೂ ಒಂದರ ಹಿಂದೆ ಒಂದು ಓದಿಸಿ. ನಾಲಿಗೆ ಎಲ್ಲಿ ತಾಕುತ್ತದೆ ಎಂದು ಮಕ್ಕಳನ್ನೇ ಕೇಳಿ. ಲ ಹಲ್ಲಿನ ಹತ್ತಿರ, ಳ ಅಂಗಳದ ಕಡೆಗೆ ಮಡಚಿ. ಅವರೇ ಹೇಳುತ್ತಾರೆ.

ಕೊನೆಯದಾಗಿ ಜಾಗದ ಮಾತು. ಈ ಪದ್ಯದ ತೆರೆ ಉಳ್ಳಾಲದ ಸೋಮೇಶ್ವರದಂಥ ಬಂಡೆಗಳಿಗೆ ಅಪ್ಪಳಿಸುವ ಅರಬ್ಬೀ ಸಮುದ್ರದ ತೆರೆ. ದುಬೈಯ ಮಕ್ಕಳು ದಿನಾ ನೋಡುವ ಕೊಲ್ಲಿಯ ನೀರಿನ ಸರಾಸರಿ ಆಳ ಸುಮಾರು 35 ಮೀಟರ್, ಮೂರು ಕಡೆ ನೆಲ. ಅಲ್ಲಿ ಹೆಚ್ಚಿನ ದಿನ ತೆರೆ ಸಣ್ಣದು. ಆ ಮಕ್ಕಳು ಬರೆಯುವಾಗ ಬಕಾರದ ಜೋಡಿ ಅಬ್ಬರವಾದೀತು. ಅವರಿಗೆ ಸಕಾರ ಹೆಚ್ಚಾಗಲಿ, ಬಕಾರ ಒಂದೇ ಸಾಲಿಗೆ ನಿಲ್ಲಲಿ. ಮಸ್ಕತ್ತಿನವರ ಲೆಕ್ಕ ಬೇರೆ, ಅವರ ಎದುರಿಗಿರುವುದು ತೆರೆದ ಕಡಲು.

ಆದ್ದರಿಂದ ಊಟದ ನಂತರದ ಅಭ್ಯಾಸ ಹೀಗಿರಲಿ. ಮೂರು ಮೂರು ಜನರ ಗುಂಪು ಮಾಡಿಕೊಳ್ಳಿ. ತೆರೆಯ ಒಂದು ಹಂತ, ಅದಕ್ಕೊಂದು ವ್ಯಂಜನ ಆರಿಸಿ. ಆ ಅಕ್ಷರದ ಹತ್ತು ಪದ ಬರೆದಿಟ್ಟು, ಅವುಗಳಲ್ಲಿ ಕ್ರಿಯಾಪದಗಳನ್ನೇ ಮೊದಲು ಬಳಸಿ. ಎರಡು ಸಾಲು ಸಾಕು. ಎರಡನೆಯ ಅಕ್ಷರ ಳ ಅಥವಾ ಣ ಆಗಿರುವ ಪದ ಒಂದಾದರೂ ಇರಲಿ: ಮಳಲು, ತೊಳೆ, ಹೊಳೆ, ಕುಣಿ, ತಣಿ. ಬರೆದವರು ಓದಬಾರದು, ಪಕ್ಕದ ಗುಂಪಿಗೆ ಕೊಡಿ. ಅವರು ಒಂದೇ ಉಸಿರಿನಲ್ಲಿ ಓದಲಿ, ನೀವು ಕಣ್ಣು ಮುಚ್ಚಿ ಬೆರಳಲ್ಲಿ ಎಣಿಸಿ. ಕಾಗದದಲ್ಲಿ ಎಂಟಿದ್ದು ಕಿವಿಗೆ ಆರೇ ಬಂದರೆ, ಉಳಿದ ಎರಡನ್ನು ಯಾವ ಸಂಧಿ ನುಂಗಿತು ಎಂದು ಹುಡುಕಿ.

ಮಕ್ಕಳಿಗೆ ಮನೆಗೆಲಸ ಇನ್ನೂ ಚಿಕ್ಕದು: ಅಲೆ, ಅಳೆ. ಒಂದು ಕಡಲಿನದು, ಒಂದು ಅಕ್ಕಿಯದು. ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಅಜ್ಜಿಗೆ ಫೋನಿನಲ್ಲಿ ಹೇಳಬೇಕು. ಸರಿಯಾಗಿದೆಯೇ ಎಂದು ಅಜ್ಜಿ ಹೇಳಲಿ.