ಹಗಲಲ್ಲಿ ಹಿಡಿದ ರಾತ್ರಿ



ಸಿನಿಮಾದ ಎಷ್ಟೋ ರಾತ್ರಿಗಳು ಹಗಲಲ್ಲೇ ಚಿತ್ರೀಕರಿಸಿದವು. ನಮ್ಮ ಅಮಾಸೆಬೈಲಿನಂಥ ಕಾಡಂಚಿನಲ್ಲಿ ಒಂದು ತೋಟವನ್ನೇ ರಾತ್ರಿ ಬೆಳಗಿಸುವಷ್ಟು ದೀಪ, ಜನರೇಟರ್ ಸಣ್ಣ ಚಿತ್ರದವರ ಕೈಗೆಟುಕದು.

ಹಂಚಿನ ಮನೆ, ಅಂಗಳ, ಹಿಂದೆ ಅಡಿಕೆ ತೋಟ ಇರುವ ಒಂದು ದೃಶ್ಯ ಅಂದುಕೊಳ್ಳಿ. ಬರೀ ಕಪ್ಪಾಗಿಸಿ ನೀಲಿ ಬಳಿದರೆ ಅದು ರಾತ್ರಿಯಲ್ಲ, ಮೋಡ ಕವಿದ ಮಧ್ಯಾಹ್ನ. ಮುಖ್ಯ ತೊಂದರೆ ಆಕಾಶದ್ದು. ಅದು ಚೌಕಟ್ಟಿನೊಳಗೆ ಬಾರದಂತೆ ಕ್ಯಾಮೆರಾ ಇಡುವುದೇ ಲೇಸು. ಅಡಿಕೆ ಸೋಗೆಯ ಸಂದುಸಂದಿನಲ್ಲಿ ಇಣುಕುವ ಬಿಳಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೇರ್ಪಡಿಸುವುದು ಪ್ರಾಣಸಂಕಟ! ಬಿಸಿಲು ಹಿಂದಿನಿಂದ ಬರಲಿ. ಮಾಡಿನ ಅಂಚು, ತಲೆಗೂದಲು ಮಾತ್ರ ಮಿನುಗಿದರೆ ಬೆಳದಿಂಗಳೆನಿಸುತ್ತದೆ.

2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದ ರಾತ್ರಿಗಳನ್ನು ನಮೀಬಿಯಾದ ಹಗಲಲ್ಲಿ, ಬೇಕಾದುದಕ್ಕಿಂತ ಹೆಚ್ಚು ಬೆಳಕು ಕೊಟ್ಟು ಹಿಡಿದರು. ಹಾಗೆ ಮಾಡಿದರೆ ಕತ್ತಲಾಗಿಸಿದಾಗಲೂ ನೆರಳಿನೊಳಗಿನ ವಿವರ ಉಳಿಯುತ್ತದೆ.

ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಕಾಣದು. ಕೆಂಪು ಮೊದಲು ಕಪ್ಪಾಗುತ್ತದೆ. ಆದ್ದರಿಂದ ಗ್ರೇಡಿಂಗಿನಲ್ಲಿ ಹಂಚಿನ ಕೆಂಪು, ಎಲೆಯ ಹಸಿರು ತಗ್ಗಿಸಬೇಕು. ನೀಲಿ ಚೂರು ಸಾಕು.

ಇನ್ನು ನೋಡುವವರನ್ನು ನಂಬಿಸುವುದು ದೀಪ. ಕಿಟಕಿಯಷ್ಟೇ ಜಾಗವನ್ನು ಗುರುತಿಸಿ ಹಳದಿ ತುಂಬುತ್ತೇವೆ. ಅಷ್ಟಕ್ಕೇ ಬಿಟ್ಟರೆ ಕಾಗದ ಅಂಟಿಸಿದಂತಿರುತ್ತದೆ. ಜಗಲಿಯ ಮೇಲೂ ಆ ಬೆಳಕು ಚೆಲ್ಲಬೇಕು, ದೂರ ಹೋದಂತೆ ಬೇಗ ಕುಂದಬೇಕು: ಎರಡರಷ್ಟು ದೂರಕ್ಕೆ ಕಾಲು ಭಾಗ. ಯಾರಾದರೂ ಕಿಟಕಿಯೆದುರು ಹಾದರೆ ಅವರು ಅದನ್ನು ಮರೆಮಾಡಬೇಕು, ಕೆನ್ನೆಗೆ ಹಳದಿ ತಾಗಬೇಕು. ಜಗಲಿಯ ಕಂಬದ ನೆರಳು ಮಾತ್ರ ಸೂರ್ಯ ಬೀಳಿಸಿದ ಕಡೆಗೇ ಇರುತ್ತದೆ, ದೀಪದ ಲೆಕ್ಕಕ್ಕೆ ತಿರುಗುವುದಿಲ್ಲ. ಮುಂದಿನ ಸಲ ಸಿನಿಮಾದಲ್ಲಿ ರಾತ್ರಿ ಬಂದಾಗ ನೀವು ಅದನ್ನೇ ನೋಡಿ.