ಲಿಪ್ ಬಾಮ್ ಡಬ್ಬಿಯೊಳಗಿನ ಚೀಟಿ

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತು)

ಈ ಸಲ ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣದ ಜೊತೆ ಮನೆಯಲ್ಲೇ ಮಾಡಿದ ಲಿಪ್ ಬಾಮ್ ಡಬ್ಬಿಯೊಂದನ್ನೂ ಬೀರೋಣ ಎಂದು ಮಾತಾಗಿದೆ. ದೆಹಲಿಯ ಜನವರಿಯಲ್ಲಿ ತುಟಿ ಒಡೆಯದವರು ಯಾರಿದ್ದೇವೆ? ಮಾಡುವ ವಿಧಾನವನ್ನು ತುಂಬ ಜನ ಕೇಳಿದಿರಿ. ಡಬ್ಬಿಯ ಜೊತೆ ಹೋಗುವ ಚೀಟಿಯಲ್ಲಿ ಏನಿರಬೇಕು ಎಂದು ಕೇಳಿದವರು ಒಬ್ಬರೇ. ನನಗೆ ಆ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಮನೆಯವರಿಗೆ ಮಾಡಿಕೊಂಡರೆ ಯಾರಿಗೆ ಯಾವುದು ಆಗದು ಎಂದು ನಮಗೆ ಗೊತ್ತಿರುತ್ತದೆ. ಬೀರಿದ ಡಬ್ಬಿ ಯಾರ ಮನೆಯ ಯಾವ ಮಗುವಿನ ಕೈಗೆ ಹೋಗುತ್ತದೋ ಗೊತ್ತಿರುವುದಿಲ್ಲ.

ಮೊದಲು ಅಳತೆ ಹೇಳಿಬಿಡುತ್ತೇನೆ. 100 ಗ್ರಾಂ ಮಾಡಲು ಜೇನುಮೇಣ 20 ಗ್ರಾಂ, ಮುರುಗಲು ಬೆಣ್ಣೆ 20 ಗ್ರಾಂ, ಬಾದಾಮಿ ಎಣ್ಣೆ 59.5 ಗ್ರಾಂ, ಪೆಪ್ಪರ್‌ಮಿಂಟ್ ಎಣ್ಣೆ ಅರ್ಧ ಗ್ರಾಂ. ಮುರುಗಲು ಬೆಣ್ಣೆ ಎಂದರೆ ಉತ್ತರ ಕನ್ನಡದ ಕಡೆಯವರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದ ಅದೇ ಗಟ್ಟಿ ಉಂಡೆ. ಕೊಬ್ಬರಿ ಎಣ್ಣೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿಯ ಚಳಿಯಲ್ಲಿ ಅದು ಕಲ್ಲಾಗುತ್ತದೆ, ಬೇಸಿಗೆಯಲ್ಲಿ ನೀರಾಗುತ್ತದೆ.

ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ನೇರ ಉರಿಯ ಮೇಲಿಟ್ಟರೆ ಬೆಂಕಿ ಹತ್ತಬಹುದು. ಬಿಸಿನೀರಿನ ಪಾತ್ರೆಯೊಳಗೆ ಒಣ ಬಟ್ಟಲಿಟ್ಟು ಮೇಣ, ಬೆಣ್ಣೆ, ಎಣ್ಣೆ ಮೂರನ್ನೂ ಕರಗಿಸಿ. ಪಾಕ ನೋಡುವಂತೆ ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಿನಿಂದ ಒತ್ತಿ. ಉಗುರು ಹಾಕಿದರೂ ಏಳದಿದ್ದರೆ ಇನ್ನೊಂದು ಚಮಚ ಎಣ್ಣೆ, ಜಾರಿಹೋದರೆ ಚಿಟಿಕೆ ಮೇಣ. ಕೆಳಗಿಳಿಸಿದ ಮೇಲೆ, ಬಟ್ಟಲಿನ ಅಂಚಿನಲ್ಲಿ ಕೆನೆಗಟ್ಟಲು ಶುರುವಾದಾಗ ಪೆಪ್ಪರ್‌ಮಿಂಟ್ ಹಾಕಿ, ಕಲಸಿ, ಬೇಗ ಡಬ್ಬಿಗೆ ಸುರಿಯಿರಿ. 5 ಗ್ರಾಮಿನ ಡಬ್ಬಿ ಹತ್ತೊಂಬತ್ತು ತುಂಬುತ್ತವೆ, ಉಳಿದದ್ದು ಬಟ್ಟಲಿಗೆ. ಆ ಬಟ್ಟಲನ್ನು ಬಿಸಿಯಿದ್ದಾಗಲೇ ಕಾಗದದಿಂದ ಒರೆಸಿ. ಸಿಂಕಿಗೆ ಹೋದ ಮೇಣ ಅಲ್ಲೇ ಕೂತುಬಿಡುತ್ತದೆ.

ಆ ಅರ್ಧ ಗ್ರಾಂ ಎಂದರೆ ಸುಮಾರು ಹತ್ತು-ಹನ್ನೊಂದು ಹನಿ. ಬಾಟಲಿಯಿಂದ ಬಾಟಲಿಗೆ ಹನಿಯ ಗಾತ್ರ ಬೇರೆ, ಆದ್ದರಿಂದ ತೂಕ ಮಾಡುವುದೇ ಸರಿ. "ಪರಿಮಳ ಸಾಲದು, ಇನ್ನು ಹತ್ತು ಹನಿ ಹಾಕಿ" ಎನ್ನುವವರು ಇದ್ದೇ ಇರುತ್ತಾರೆ. ಹಾಕಬೇಡಿ. ತುಟಿಯ ಚರ್ಮ ಬಹಳ ತೆಳು, ಹಚ್ಚಿದ್ದರಲ್ಲಿ ಸ್ವಲ್ಪ ಹೊಟ್ಟೆಗೂ ಹೋಗುತ್ತದೆ. ದಾಲ್ಚಿನ್ನಿ, ಲವಂಗದ ಎಣ್ಣೆ ತುಟಿಯನ್ನು ಸುಡುತ್ತವೆ. ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೆಂದು ಕಪ್ಪು ಕಲೆಯಾಗಬಹುದು. ಗಿಡದಿಂದ ಬಂದದ್ದೆಲ್ಲ ಸೌಮ್ಯ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೆಣಸಿನಕಾಯಿಯೂ ಗಿಡದ್ದೇ ತಾನೆ?

ಇನ್ನು ಚೀಟಿ. ಓದುತ್ತೇನೆ, ಹಾಗೆಯೇ ಬರೆದುಕೊಳ್ಳಿ.

"ಜೇನುಮೇಣದ ಲಿಪ್ ಬಾಮ್, 5 ಗ್ರಾಂ. ಮಾಡಿದ ದಿನ: ____. ಆರು ತಿಂಗಳೊಳಗೆ ಬಳಸಿ. ಇದರಲ್ಲಿರುವುದು: ಬಾದಾಮಿ ಎಣ್ಣೆ, ಜೇನುಮೇಣ, ಮುರುಗಲು ಬೆಣ್ಣೆ, ಪೆಪ್ಪರ್‌ಮಿಂಟ್ ಎಣ್ಣೆ (100ಕ್ಕೆ ಅರ್ಧ ಭಾಗ). ಬಾದಾಮಿ ಅಥವಾ ಜೇನಿನ ಪದಾರ್ಥ ಒಗ್ಗದವರು ಬಳಸಬೇಡಿ. ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಉರಿ, ತುರಿಕೆ, ಬಾವು ಕಂಡರೆ ಒರೆಸಿ, ನಿಲ್ಲಿಸಿ. ರಕ್ತ ಬರುವ ತುಟಿಗೆ, ಹುಣ್ಣಿಗೆ ಹಚ್ಚಬೇಡಿ. ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ, ಅವರ ಕೈಗೆ ಸಿಗದಂತೆ ಇಡಿ. ಒಂದು ಡಬ್ಬಿ ಒಬ್ಬರಿಗೆ ಮಾತ್ರ. ನೀರು ತಾಗಿಸಬೇಡಿ. ತಂಪಾದ, ಬಿಸಿಲು ಬೀಳದ ಜಾಗದಲ್ಲಿಡಿ."

ಮಕ್ಕಳ ಸಾಲು ಏಕೆಂದರೆ, ಪೆಪ್ಪರ್‌ಮಿಂಟಿನಲ್ಲಿರುವ ಮೆಂಥಾಲ್ ಎಳೆಮಗುವಿನ ಮೂಗಿನ ಹತ್ತಿರ ಹೋದರೆ ಉಸಿರು ಕಟ್ಟುವ ಅಪಾಯವಿದೆ. ಅಜ್ಜಿಯರು ಇದನ್ನು ಹಚ್ಚಿಕೊಂಡು ಕೂಸಿನ ಮುಖಕ್ಕೆ ಮುಖ ತಾಗಿಸಿ ಮುದ್ದಾಡುವುದೂ ಬೇಡ. ಮನೆಯಲ್ಲಿ ಕೂಸಿರುವವರಿಗೆ ಪರಿಮಳವೇ ಇಲ್ಲದ ಡಬ್ಬಿ ಬೇರೆ ಮಾಡೋಣ, ಮುಚ್ಚಳಕ್ಕೆ ಬಿಳಿ ಚೀಟಿ ಅಂಟಿಸೋಣ.

ನೀರಿನ ಸಾಲು ಏಕೆಂದರೆ, ಇದರಲ್ಲಿ ನೀರಿಲ್ಲದ್ದರಿಂದಲೇ ಕೆಡದಂತೆ ಕಾಯುವ ಔಷಧ ಹಾಕಿಲ್ಲ. ಒದ್ದೆ ಬೆರಳು ಅದ್ದಿದರೆ ಬೂಷ್ಟು ಬರಬಹುದು. ಜೇನುತುಪ್ಪ ಸೇರಿಸೋಣ ಎಂದವರಿಗೂ ಇದೇ ಉತ್ತರ: ಅದು ಎಣ್ಣೆಯಲ್ಲಿ ಬೆರೆಯುವುದಿಲ್ಲ, ತಳದಲ್ಲಿ ಹನಿಯಾಗಿ ನಿಲ್ಲುತ್ತದೆ.

ಆರು ತಿಂಗಳು ಎನ್ನುವುದು ತಾಜಾ ಎಣ್ಣೆಯ ಲೆಕ್ಕ. ನಿಮ್ಮ ಬಾದಾಮಿ ಎಣ್ಣೆಯ ಬಾಟಲಿಯ ಅವಧಿ ಏಪ್ರಿಲ್‌ಗೆ ಮುಗಿಯುವುದಾದರೆ ಡಬ್ಬಿಯದ್ದೂ ಅಲ್ಲಿಗೇ ಮುಗಿಯಿತು. ಹಳೆಯ ಚಕ್ಕುಲಿಯ ಕಮಟು ವಾಸನೆ ಬಂದರೆ ಎಸೆಯಿರಿ. ಮೇ ತಿಂಗಳಲ್ಲಿ ಕಾರಿನಲ್ಲಿ ಕರಗಿ ಮತ್ತೆ ಗಟ್ಟಿಯಾದಾಗ ರವೆಯಂತೆ ತರಿತರಿಯಾದರೆ ಕೆಟ್ಟಿದೆ ಎಂದಲ್ಲ. ಬೆಣ್ಣೆ ನಿಧಾನವಾಗಿ ಆರಿದೆ, ಅಷ್ಟೇ.

ರಾಜ್ಯೋತ್ಸವದ ಮಳಿಗೆಯಲ್ಲಿ ಮಾರೋಣ ಎಂದೂ ಒಬ್ಬರು ಕೇಳಿದರು. ಮಾರಾಟಕ್ಕೆ ತಯಾರಿಸಬೇಕಾದರೆ 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ ಪರವಾನಗಿ ಬೇಕು. ಚೀಟಿ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಬದಲಾಗದು. ಸದ್ಯಕ್ಕೆ ಬೀರುವುದಷ್ಟೇ.

ಚೀಟಿಯ ಹಿಂಬದಿಯಲ್ಲಿ ಹಿಂದಿಯಲ್ಲೂ ಬರೆಯೋಣ. ನಮ್ಮ ಡಬ್ಬಿಗಳಲ್ಲಿ ಅರ್ಧ ಪಕ್ಕದ ಮನೆಗಳಿಗೂ ಮನೆಗೆಲಸಕ್ಕೆ ಬರುವವರಿಗೂ ಹೋಗುತ್ತವೆ. ತೂಕದ ಯಂತ್ರ ನನ್ನಲ್ಲಿದೆ, ಬೇಕಾದವರು ಭಾನುವಾರ ಬಂದು ಒಯ್ಯಿರಿ.