ಮಗು ಎತ್ತುವ ಕೈಗೆ ನೋವು ಬಂದಾಗ



ತುರುವೇಕೆರೆ ಕಡೆಯ ಸಂಘವೊಂದರ ಸಭೆಗೆ ನಾವು ಹೋಗಿದ್ದಾಗ ಒಬ್ಬ ಬಾಣಂತಿ ಪುಸ್ತಕಕ್ಕೆ ಸಹಿ ಹಾಕಲು ಪೆನ್ನು ಹಿಡಿದವಳು ಹಾಗೇ ಕೆಳಗಿಟ್ಟಳು. "ಸಿಸ್ಟರ್, ಮಗೂನ ಎತ್ತೋಕೆ ಹೋದ್ರೆ ಇಲ್ಲಿ ಚಾಕು ಹಾಕ್ದಂಗಾಗುತ್ತೆ" ಅಂತ ಹೆಬ್ಬೆರಳಿನ ಬುಡದಿಂದ ಸ್ವಲ್ಪ ಮೇಲೆ, ಮಣಿಕಟ್ಟಿನ ಪಕ್ಕದ ಮೂಳೆ ತೋರಿಸಿದಳು. ಅಲ್ಲಿ ಸಣ್ಣಗೆ ಊದಿಕೊಂಡಿತ್ತು. ಮಗುವಿಗೆ ಮೂರು ತಿಂಗಳು. ಅಜ್ಜಿ "ಬಾಣಂತಿ ವಾಯು" ಅಂತ ಹೇಳಿ ದಿನಾ ಎಣ್ಣೆ ಹಚ್ಚಿ ಒತ್ತಿ ಒತ್ತಿ ನೀವುತ್ತಿದ್ದರು. ನೋವು ಜಾಸ್ತಿಯೇ ಆಗಿತ್ತು.

ಇದು ವಾಯು ಅಲ್ಲ. ಹೆಬ್ಬೆರಳನ್ನು ಅಗಲಿಸಿ ಮೇಲೆತ್ತುವ ಎರಡು ಹುರಿಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದುಹೋಗುತ್ತವೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿದಾಗ ಆ ಕೊಳವೆಯ ಗೋಡೆ ದಪ್ಪಗಾಗಿ ಹುರಿಗಳನ್ನು ಹಿಚುಕುತ್ತದೆ. ಸ್ವಿಟ್ಜರ್ಲೆಂಡಿನ ಡಿ ಕೆರ್ವೇನ್ ಎಂಬ ಶಸ್ತ್ರವೈದ್ಯರು 1895ರಲ್ಲಿ ಇದನ್ನು ವಿವರಿಸಿದ್ದರಿಂದ ವೈದ್ಯರು ಅವರ ಹೆಸರಿನಲ್ಲೇ ಕರೆಯುತ್ತಾರೆ. ಊದಿದ ಜಾಗವನ್ನು ಒತ್ತಿ ನೀವಿದರೆ ಇನ್ನಷ್ಟು ಕೆರಳುತ್ತದೆ.

ಆ ತಂಗಿಗೆ ಮಗು ಎತ್ತಿ ತೋರಿಸಮ್ಮಾ ಅಂದೆವು. ಎರಡೂ ಹೆಬ್ಬೆರಳು ಅಗಲಿಸಿ ಮಗುವಿನ ಕಂಕುಳಿಗೆ ಕೊಟ್ಟು, ಮಣಿಕಟ್ಟು ಬಗ್ಗಿಸಿ ಎತ್ತಿದಳು. ಮಗುವಿನ ಭಾರವೆಲ್ಲ ಆ ಎರಡು ಹುರಿಗಳ ಮೇಲೇ! ಹಾಲು ಕುಡಿಸುವಾಗ ಇನ್ನೊಂದು ಕೈಯಲ್ಲಿ ಮೊಬೈಲು, ಅದೇ ಕೈಯ ಹೆಬ್ಬೆರಳಲ್ಲಿ ಅರ್ಧ ಗಂಟೆ ಸರಿಸುವುದು. ಆಮೇಲೆ ಮುದ್ದೆ ತಿರುವುವುದು, ಬಟ್ಟೆ ಹಿಂಡುವುದು, ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುವುದು. ಹೆಬ್ಬೆರಳಿಗೆ ಬಿಡುವೆಲ್ಲಿ?

ಮನೆಯಲ್ಲೇ ಗುರುತಿಸಬೇಕೆಂದರೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ, ನಿಧಾನವಾಗಿ ಕಿರುಬೆರಳಿನ ಕಡೆಗೆ ಬಾಗಿಸಿ. ಊದಿದ ಜಾಗದಲ್ಲೇ ಚುರುಕ್ ಅಂದರೆ ಬಹುತೇಕ ಇದೇ. ಒಮ್ಮೆ ಸಾಕು, ಜೋರು ಮಾಡಬೇಡಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದಾದರೆ ಅದು ಬೇರೆ ತೊಂದರೆ. ಬಿದ್ದ ಮೇಲೆ ಬಂದ ನೋವಾದರೆ, ಇಲ್ಲವೇ ಕೆಂಪಾಗಿ ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ಮೊದಲ ಮದ್ದು ಹೆಬ್ಬೆರಳಿಗೆ ವಿಶ್ರಾಂತಿ. ಆ ತಂಗಿ ಅಂಗಡಿಯಿಂದ ಮಣಿಕಟ್ಟಿನ ಪಟ್ಟಿ ತಂದು ಕಟ್ಟಿಕೊಂಡಿದ್ದಳು. ಹೆಬ್ಬೆರಳು ಮಾತ್ರ ಹೊರಗೆ ಆಡುತ್ತಲೇ ಇತ್ತು, ಪ್ರಯೋಜನವಾಗಲಿಲ್ಲ. ಹೆಬ್ಬೆರಳನ್ನೂ ಮಣಿಕಟ್ಟನ್ನೂ ಸೇರಿಸಿ ಹಿಡಿಯುವ ಪಟ್ಟಿಯನ್ನೇ ಕೇಳಿ ತರಬೇಕು. ಅದನ್ನು ಹಾಕಿದ ನಾಲ್ಕೇ ದಿನಕ್ಕೆ ನೋವು ಕಮ್ಮಿಯಾಯಿತೆಂದು ಬಿಚ್ಚಿಟ್ಟು ಬಟ್ಟೆ ಒಗೆದಳು, ಮತ್ತೆ ಶುರುವಾಯಿತು. ಎರಡನೇ ಸಲ ಸ್ನಾನಕ್ಕೆ ಬಿಟ್ಟರೆ ಹಗಲೂ ರಾತ್ರಿ ಐದು ವಾರ ಹಾಕಿದಳು. ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕಾಗುತ್ತದೆ. ಬೆರಳು ಜೋಮು ಹಿಡಿಯುವಷ್ಟು ಬಿಗಿ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟರೆ ಹಿತವಾಗುತ್ತದೆ. ಬಾಣಂತಿಗೆ ತಣ್ಣಗಿನದು ಮುಟ್ಟಿಸಬಾರದು ಅಂತ ಹಿರಿಯರು ಹೇಳಿದರೆ ಅದಕ್ಕಾಗಿ ಜಗಳ ಬೇಡ, ಪಟ್ಟಿಯ ವಿಚಾರದಲ್ಲಿ ಮಾತ್ರ ಬಿಟ್ಟುಕೊಡಬೇಡಿ.

ಮಗು ಎತ್ತುವ ರೀತಿಯೂ ಬದಲಾಗಬೇಕು. ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಭುಜ ಮತ್ತು ತಲೆಯ ಹಿಂದೆ. ಅಂಗೈ ಮೇಲ್ಮುಖವಾಗಿರಲಿ, ಹೆಬ್ಬೆರಳು ತೋರುಬೆರಳಿಗೆ ಅಂಟಿಕೊಂಡಿರಲಿ, ಮಣಿಕಟ್ಟು ನೆಟ್ಟಗಿರಲಿ. ಮಗುವನ್ನು ಎದೆಗೆ ಹತ್ತಿರ ತಂದುಕೊಂಡು ಆಮೇಲೆ ಮೇಲೇಳಿ. ಹಾಲು ಕುಡಿಸುವಾಗ ತೊಡೆಯ ಮೇಲೆ ದಿಂಬಿಟ್ಟರೆ ಮಗುವಿನ ತಲೆ ಮುಂಗೈ ಮೇಲೆ ಕೂರುತ್ತದೆ, ಮಣಿಕಟ್ಟು ಜೋತು ಬೀಳುವುದಿಲ್ಲ. ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟು, ಬೇರೆ ಕೈಯ ತೋರುಬೆರಳಿಂದ ಮುಟ್ಟಿ.

ಬಲ ತರುವ ವ್ಯಾಯಾಮ ನೋವು ಹೋದ ಮೇಲೆಯೇ. ಅದಕ್ಕೂ ಮೊದಲು ಶುರು ಮಾಡಿದವರೇ ಮತ್ತೆ ನೋವು ತಂದುಕೊಳ್ಳುವುದು. ಮೊದಲ ವಾರ ಹೆಬ್ಬೆರಳ ತುದಿಯನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸಿ, ಹತ್ತು ಸಲ, ಬೆಳಿಗ್ಗೆ ಸಂಜೆ. ಆಮೇಲೆ ಹೆಬ್ಬೆರಳು ಮೇಲಿರುವಂತೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಚಿನಿಂದ ಆಚೆ ಇರುವ ಅಂಗೈಯನ್ನು ನಿಧಾನವಾಗಿ ಎತ್ತಿ ಇಳಿಸಿ. ಇನ್ನೊಂದು ವಾರ ಬಿಟ್ಟು ಐದೂ ಬೆರಳಿಗೆ ಸಡಿಲ ರಬ್ಬರ್ ಬ್ಯಾಂಡ್ ಹಾಕಿ ಬೆರಳು ಅಗಲಿಸಿ ಮುಚ್ಚಿ. ಮಾರನೇ ಬೆಳಿಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಹೋಗಿ.

ಆರು ವಾರ ಕಳೆದರೂ ಬಗ್ಗದಿದ್ದರೆ ಮೂಳೆ ವೈದ್ಯರ ಬಳಿ ಹೋಗಿ. ಕೊಳವೆಯೊಳಗೆ ಕೊಡುವ ಒಂದು ಸ್ಟೀರಾಯ್ಡ್ ಇಂಜೆಕ್ಷನ್ನಿಗೇ ಅನೇಕರಿಗೆ ಗುಣವಾಗುತ್ತದೆ. ಆ ಜಾಗದ ಚರ್ಮ ಸ್ವಲ್ಪ ಬಿಳುಚಬಹುದು, ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು. ಸಕ್ಕರೆ ಇದ್ದರೆ ಮೊದಲೇ ಹೇಳಿ. ಮೊಲೆಹಾಲು ಕುಡಿಸುವವರು ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಇಂಜೆಕ್ಷನ್ನಿಗೂ ಬಗ್ಗದ ಕೆಲವರಿಗೆ ಕೊಳವೆ ಸಡಿಲಿಸುವ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಆ ತಂಗಿಗೆ ಇಂಜೆಕ್ಷನ್ ಬೇಕಾಗಲಿಲ್ಲ. ಮುಂದಿನ ಸಭೆಗೆ ಬಂದಾಗ ಅವಳೇ ಸಹಿ ಹಾಕಿದಳು. ಮುದ್ದೆ ಕೋಲು ಮಾತ್ರ ಇನ್ನೂ ಎರಡು ತಿಂಗಳು ಅವಳ ಗಂಡನ ಕೈಯಲ್ಲೇ ಇತ್ತು.